ಇಂಗ್ಲಿಷ್ ಆದೇಶ ಕನ್ನಡಕ್ಕೆ ತಂದರೆ ಯಾಕೆ ಓದೋಕೇ ಆಗಲ್ಲ?

“ಸರ್, ಆಡಳಿತ ಪದಕೋಶ ಪಕ್ಕದಲ್ಲೇ ಇಟ್ಟುಕೊಂಡು ಮಾಡ್ತೀನಿ. ಒಂದು ಪದಾನೂ ಬಿಡಲ್ಲ. ಆದ್ರೂ ನಾನು ಕನ್ನಡಕ್ಕೆ ತಂದ ಆರ್ಡರ್ ನನಗೇ ಅರ್ಥ ಆಗಲ್ಲ. ಎಲ್ಲಿ ತಪ್ತಾ ಇದೀನಿ?”

ಹೆಚ್ಚಿನ ಸಲ ತಪ್ಪು ಪದದಲ್ಲಿ ಇರುವುದಿಲ್ಲ, ವಾಕ್ಯದ ಕಟ್ಟಿನಲ್ಲಿ ಇರುತ್ತದೆ. ಒಂದೇ ಒಂದು ಆದೇಶ ಹಿಡಿದು ತೋರಿಸುತ್ತೇನೆ. ಎಲ್ಲ ಕಚೇರಿಯಲ್ಲೂ ವರ್ಷಕ್ಕೆ ನಾಲ್ಕಾರು ಸಲ ಹೊರಡುವ ಹೆಚ್ಚುವರಿ ಪ್ರಭಾರದ ಆದೇಶ ಅದು.

ಸಂದರ್ಭ ಹೀಗಿದೆ. ಲೆಕ್ಕಪತ್ರ ಶಾಖೆಯ ಅಧೀಕ್ಷಕರು ಮೇ 31ರ ಅಪರಾಹ್ನ ವಯೋನಿವೃತ್ತಿ ಹೊಂದಿದರು. ಸಿಬ್ಬಂದಿ ಶಾಖೆಯ ಅಧೀಕ್ಷಕರಿಗೆ ಆ ಹುದ್ದೆಯನ್ನೂ ನೋಡಿಕೊಳ್ಳಿ ಅಂತ ಹೇಳಬೇಕು. ಇಂಗ್ಲಿಷಿನಲ್ಲಿ ಇದಿಷ್ಟೂ ಒಂದೇ ಉದ್ದ ವಾಕ್ಯ. ‘ಕಾನ್ಸಿಕ್ವೆಂಟ್ ಅಪಾನ್’ ಅಂತ ಶುರುವಾಗಿ, ನಡುವೆ ‘ಹಿಯರ್‌ಬೈ’ ಬಂದು, ‘ಅಂಟಿಲ್ ಫರ್ದರ್ ಆರ್ಡರ್ಸ್’ ಅಂತ ಮುಗಿಯುತ್ತದೆ. ಪ್ರಭಾರ ವಹಿಸಿಕೊಂಡ ವರದಿಯನ್ನು ‘ಅಂಡರ್‌ಸೈನ್ಡ್’ಗೆ ಸಲ್ಲಿಸಬೇಕು ಅನ್ನುವ ಚಿಕ್ಕ ವಾಕ್ಯ ಅದರ ಕೆಳಗಿದೆ. ಆ ಉದ್ದ ವಾಕ್ಯಕ್ಕೆ ಪದಕ್ಕೆ ಪದ ಇಟ್ಟರೆ ಹೀಗಾಗುತ್ತದೆ:

“ಲೆಕ್ಕಪತ್ರ ಶಾಖೆಯ ಅಧೀಕ್ಷಕರ ದಿನಾಂಕ 31ರ ಅಪರಾಹ್ನದಿಂದ ಜಾರಿಗೆ ಬರುವ ವಯೋನಿವೃತ್ತಿಯ ಪರಿಣಾಮವಾಗಿ, ಸಿಬ್ಬಂದಿ ಶಾಖೆಯ ಅಧೀಕ್ಷಕರು ಈ ಮೂಲಕ ತಮ್ಮ ಸ್ವಂತ ಕರ್ತವ್ಯಗಳಿಗೆ ಹೆಚ್ಚುವರಿಯಾಗಿ ಸದರಿ ಹುದ್ದೆಯ ಹೆಚ್ಚುವರಿ ಪ್ರಭಾರವನ್ನು ತಕ್ಷಣದ ಪರಿಣಾಮದೊಂದಿಗೆ ಮತ್ತು ಮುಂದಿನ ಆದೇಶಗಳವರೆಗೆ ಹೊಂದಲು ನಿರ್ದೇಶಿಸಲ್ಪಟ್ಟಿದ್ದಾರೆ.”

ಒಂದೊಂದು ಪದವೂ ಕನ್ನಡದ್ದೇ. ಆದರೆ ಹೀಗೆ ಯಾವ ಕನ್ನಡಿಗನೂ ಮಾತಾಡುವುದಿಲ್ಲ. ಹಳೆಯ ಗುಮಾಸ್ತರೂ ಹೀಗೆ ಬರೆಯುತ್ತಿರಲಿಲ್ಲ.

ಮೊದಲು ಕಾರಣವನ್ನೂ ಆದೇಶವನ್ನೂ ಬೇರೆ ಮಾಡಿ. ಇಂಗ್ಲಿಷಿನವರು ಕಾರಣವನ್ನು ವಾಕ್ಯದ ಒಳಗೇ ತುರುಕುತ್ತಾರೆ. ನಮ್ಮ ಆದೇಶದ ನಮೂನೆಯಲ್ಲಿ ಅದಕ್ಕೆಂದೇ ಜಾಗ ಇದೆ: ಮೇಲೆ ‘ಓದಲಾಗಿದೆ’ ಅಥವಾ ‘ಉಲ್ಲೇಖ’, ಆಮೇಲೆ ‘ಪ್ರಸ್ತಾವನೆ’, ಕೊನೆಗೆ ‘ಆದೇಶ’. ನಿವೃತ್ತಿಯ ಸಂಗತಿ ಪ್ರಸ್ತಾವನೆಗೆ ಹೋಗಲಿ. ಅಲ್ಲಿ ಅದು ಸಲೀಸಾಗಿ ಕೂರುತ್ತದೆ.

ಎರಡನೆಯದು ‘ಅಲ್ಪಟ್ಟಿದ್ದಾರೆ’. ಎಲ್ಲಕ್ಕಿಂತ ಜಾಸ್ತಿ ಕೆಡಿಸುವುದು ಇದೇ. ಇಂಗ್ಲಿಷಿನಲ್ಲಿ ‘ಈಸ್ ಡೈರೆಕ್ಟೆಡ್’ ಅಂದಾಗ ನೌಕರನೇ ವಾಕ್ಯದ ಕರ್ತೃ. ಹಾಗಾಗಿ ನಾವೂ “ಅವರು ನಿರ್ದೇಶಿಸಲ್ಪಟ್ಟಿದ್ದಾರೆ”, “ಅವರು ವರ್ಗಾಯಿಸಲ್ಪಟ್ಟಿದ್ದಾರೆ” ಅಂತ ಬರೆದುಬಿಡುತ್ತೇವೆ. ಆಡಳಿತ ಕನ್ನಡ ಇದಕ್ಕೆ ಬೇರೆ ದಾರಿ ಮಾಡಿಕೊಂಡಿದೆ. ಯಾರು ಮಾಡಿದರು ಅಂತ ಹೇಳದೆ ಕೆಲಸವನ್ನಷ್ಟೇ ಹೇಳುವ ‘ಲಾಗಿದೆ’ ರೂಪ ಅದು. ಆಗ ನೌಕರನ ಹೆಸರಿನ ವಿಭಕ್ತಿ ಬದಲಾಗುತ್ತದೆ: ಅವರನ್ನು ವರ್ಗಾಯಿಸಲಾಗಿದೆ, ಅವರಿಗೆ ಸೂಚಿಸಲಾಗಿದೆ. ಇನ್ನೂ ಚಿಕ್ಕದಾಗಿ ‘ವರ್ಗಾಯಿಸಿ ಆದೇಶಿಸಿದೆ’, ‘ಪ್ರಭಾರ ವಹಿಸಿ ಆದೇಶಿಸಿದೆ’. ಈ ‘ಆದೇಶಿಸಿದೆ’ ಬಂತು ಅಂದರೆ ‘ಈ ಮೂಲಕ’ ಬೇಕಾಗಿಲ್ಲ. ‘ಹಿಯರ್‌ಬೈ’ ಮಾಡುವ ಕೆಲಸವನ್ನು ಕ್ರಿಯಾಪದವೇ ಮಾಡಿ ಮುಗಿಸಿರುತ್ತದೆ.

ಇನ್ನು ‘ತಕ್ಷಣದ ಪರಿಣಾಮದೊಂದಿಗೆ’. ಪರಿಣಾಮ ಅಂದರೆ ನಮಗೆ ಫಲ, ಫಲಿತಾಂಶ. ಆದೇಶ ಜಾರಿಗೆ ಬರುತ್ತದೆ, ಅಲ್ವಾ? ಹಾಗಾಗಿ ‘ತಕ್ಷಣದಿಂದ ಜಾರಿಗೆ ಬರುವಂತೆ’. ಅದೇ ರೀತಿ ಪ್ರಭಾರವನ್ನು ಯಾರೂ ‘ಹೊಂದುವುದಿಲ್ಲ’, ವಹಿಸಿಕೊಳ್ಳುತ್ತಾರೆ.

ಇಷ್ಟು ಮಾಡಿದ ಮೇಲೆ ನಮ್ಮ ಆದೇಶ ಹೀಗೆ ನಿಲ್ಲುತ್ತದೆ:

“ಪ್ರಸ್ತಾವನೆ: ಲೆಕ್ಕಪತ್ರ ಶಾಖೆಯ ಅಧೀಕ್ಷಕರು ಮೇ 31ರ ಅಪರಾಹ್ನ ವಯೋನಿವೃತ್ತಿ ಹೊಂದಿದ್ದು, ಸದರಿ ಹುದ್ದೆ ಖಾಲಿ ಇರುತ್ತದೆ. ಆದ್ದರಿಂದ ಈ ಆದೇಶ.

ಆದೇಶ: ಸಿಬ್ಬಂದಿ ಶಾಖೆಯ ಅಧೀಕ್ಷಕರಿಗೆ, ಅವರ ಹುದ್ದೆಯ ಕರ್ತವ್ಯದ ಜೊತೆಗೆ, ಲೆಕ್ಕಪತ್ರ ಶಾಖೆಯ ಅಧೀಕ್ಷಕರ ಹುದ್ದೆಯ ಹೆಚ್ಚುವರಿ ಪ್ರಭಾರವನ್ನು ತಕ್ಷಣದಿಂದ ಜಾರಿಗೆ ಬರುವಂತೆ ಮುಂದಿನ ಆದೇಶದವರೆಗೆ ವಹಿಸಿ ಆದೇಶಿಸಿದೆ. ಪ್ರಭಾರ ವಹಿಸಿಕೊಂಡ ವರದಿಯನ್ನು ಈ ಕಚೇರಿಗೆ ಸಲ್ಲಿಸತಕ್ಕದ್ದು.”

‘ಅಂಡರ್‌ಸೈನ್ಡ್’ ಎಲ್ಲಿ ಹೋಯಿತು ಅಂತ ಕೇಳಬೇಡಿ. ‘ಕೆಳಗೆ ಸಹಿ ಮಾಡಿರುವವರಿಗೆ’ ಅನ್ನುವ ಬದಲು ‘ಈ ಕಚೇರಿಗೆ’ ಅಂದರೆ ಸಾಕು.

ಪ್ರಸ್ತಾವನೆಯಲ್ಲಿ ಇನ್ನೊಂದು ಸಾಲು ಸೇರಿಸೋಣ ಅಂತ ನಿಮ್ಮ ಕೈ ತುರಿಸುತ್ತದೆ. ‘ಶಾಖೆಯ ಕೆಲಸಕ್ಕೆ ತೊಂದರೆಯಾಗದಂತೆ’ ಅಂತ ಹಾಕಿದರೆ ಓದಲು ಚೆನ್ನಾಗಿಯೂ ಇರುತ್ತದೆ. ಆದರೆ ಮೂಲದಲ್ಲಿ ಇಲ್ಲದ ಕಾರಣವನ್ನು ಅನುವಾದ ಮಾಡುವವರು ಸೇರಿಸುವ ಹಾಗಿಲ್ಲ. ವಾಕ್ಯ ಮುರಿಯಿರಿ, ಜೋಡಿಸಿ, ಹಿಂದೆ ಮುಂದೆ ಮಾಡಿ. ಸಂಗತಿಯನ್ನು ಮಾತ್ರ ಕೂಡಿಸಬೇಡಿ, ಕಳೆಯಬೇಡಿ.

ದಿನಾಂಕದ ವಿಷಯಕ್ಕೆ ಸ್ವಲ್ಪ ನಿಲ್ಲುತ್ತೇನೆ. ಮೂಲದಲ್ಲಿ ಎರಡು ಕಾಲ ಇವೆ: ನಿವೃತ್ತಿ 31ರ ಅಪರಾಹ್ನ, ಪ್ರಭಾರ ತಕ್ಷಣದಿಂದ. ಕನ್ನಡದಲ್ಲಿ ಇಂಥ ಕಾಲದ ಮಾತು ತನ್ನ ಮುಂದೆ ಬರುವ ಕ್ರಿಯಾಪದಕ್ಕೆ ಹೋಗಿ ಅಂಟಿಕೊಳ್ಳುತ್ತದೆ. ನಾನು ಹಿಂದೆ ಒಂದು ಕಚೇರಿಯಲ್ಲಿದ್ದಾಗ ಇಂಥದೇ ಆದೇಶದಲ್ಲಿ ಹೀಗಾಗಿತ್ತು. ಆದೇಶ ಹೊರಟಿದ್ದು ಜೂನ್ 4ರಂದು. ಅನುವಾದದಲ್ಲಿ ‘31ರ ಅಪರಾಹ್ನದಿಂದ’ ಅನ್ನುವುದು ಪ್ರಭಾರದ ಪಕ್ಕ ಬಂದು ಕೂತಿತ್ತು. ಕನ್ನಡ ಪ್ರತಿ ಓದಿದವರಿಗೆ ಪ್ರಭಾರ 31ರಿಂದಲೇ ಶುರು ಅನ್ನಿಸಿತು. ಪ್ರಭಾರ ವರದಿಯಲ್ಲಿ ಮಾತ್ರ 4ನೇ ತಾರೀಖು ಇತ್ತು. ನಾಗರಿಕ ಸೇವಾ ನಿಯಮಗಳ ನಿಯಮ 68ರ ಪ್ರಭಾರ ಭತ್ಯೆ ಕೇಳುವಾಗ ಎಷ್ಟು ದಿನ ಪ್ರಭಾರದಲ್ಲಿದ್ದರು ಅನ್ನುವುದೇ ಮುಖ್ಯ. ಎರಡು ಕಾಗದದಲ್ಲಿ ಎರಡು ದಿನಾಂಕ ನೋಡಿ ಬಿಲ್ಲು ಆಕ್ಷೇಪಣೆಯಾಗಿ ವಾಪಸ್ ಬಂತು. ತಿದ್ದೋಲೆ ಹೊರಡಿಸಬೇಕಾಯಿತು. ಆವತ್ತಿನಿಂದ ನಾನು ದಿನಾಂಕಗಳನ್ನು ಪೆನ್ಸಿಲಿನಲ್ಲಿ ಸುತ್ತು ಹಾಕಿ, ಒಂದೊಂದೂ ಯಾವ ಕ್ರಿಯಾಪದಕ್ಕೆ ಸೇರಿದ್ದು ಅಂತ ಗೆರೆ ಎಳೆದು ನೋಡುತ್ತೇನೆ.

‘ಶಲ್’ ಮತ್ತು ‘ಮೇ’ ಕೂಡ ಹೀಗೇ ಕೈ ಕೊಡುತ್ತವೆ. ‘ಶಲ್’ ಬಂದರೆ ‘ತಕ್ಕದ್ದು’, ಸೌಮ್ಯವಾಗಿ ಹೇಳುವುದಾದರೆ ‘ಸಲ್ಲಿಸುವುದು’. ‘ಮೇ’ ಬಂದ ಕೂಡಲೇ ‘ಬಹುದು’ ಅಂತ ಬರೆಯಬೇಡಿ. ಅನುಮತಿ ಕೊಡುವಾಗ, ಅಧಿಕಾರ ಕೊಡುವಾಗ ‘ಬಹುದು’ ಸರಿ. ಆದರೆ ‘ಹೀ ಮೇ ಬಿ ರಿಲೀವ್ಡ್’ ಅಂತ ಮೇಲಧಿಕಾರಿ ಬರೆದಾಗ ಅದು ಮರ್ಯಾದೆಯಿಂದ ಹೇಳಿದ ಸೂಚನೆ. ‘ಅವರನ್ನು ಕರ್ತವ್ಯದಿಂದ ಬಿಡುಗಡೆ ಮಾಡಬಹುದು’ ಅಂತ ಬರೆದರೆ ಕೆಳಗಿನ ಕಚೇರಿ ಸುಮ್ನೆ ಕೂರುತ್ತದೆ. ಬಿಡುವುದೂ ಬಿಡದಿರುವುದೂ ತಮಗೆ ಬಿಟ್ಟದ್ದು ಅಂದುಕೊಳ್ಳುತ್ತದೆ. ‘ಬಿಡುಗಡೆ ಮಾಡುವುದು’ ಅಂತಲೇ ಬರೆಯಿರಿ.

ಹಾಗಂತ ಎಲ್ಲವನ್ನೂ ಸಡಿಲ ಮಾಡಲು ಹೋಗಬೇಡಿ. ‘ವಯೋನಿವೃತ್ತಿ’ ಭಾರ ಅನ್ನಿಸಿ ‘ನಿವೃತ್ತಿ’ ಅಂತಷ್ಟೇ ಬರೆದರೆ, ಅದು ಸ್ವಯಂ ನಿವೃತ್ತಿಯೋ ಶಿಕ್ಷೆಯಾಗಿ ಬಂದ ಕಡ್ಡಾಯ ನಿವೃತ್ತಿಯೋ ಗೊತ್ತಾಗುವುದಿಲ್ಲ. ಶಿಸ್ತು ಕ್ರಮದ ಆದೇಶದಲ್ಲಿ ‘ಸೇವೆಯಿಂದ ತೆಗೆದುಹಾಕುವುದು’ ಮತ್ತು ‘ವಜಾ’ ಒಂದೇ ಅಲ್ಲ. ಮೊದಲನೆಯದರಲ್ಲಿ ಮುಂದೆ ಸರ್ಕಾರಿ ಕೆಲಸಕ್ಕೆ ಸೇರಲು ಅಡ್ಡಿ ಇಲ್ಲ, ವಜಾ ಆದವರಿಗೆ ಸಾಮಾನ್ಯವಾಗಿ ಆ ಬಾಗಿಲು ಮುಚ್ಚುತ್ತದೆ. ಇಂಥ ಪದಗಳಿಗೆ ಮಾತ್ರ ಪದಕೋಶ ತೆಗೆಯಿರಿ, ಅದರಲ್ಲಿರುವಂತೆಯೇ ಬರೆಯಿರಿ.

ಕರಡು ಮುಗಿದ ಮೇಲೆ ನಾನು ಇಂಗ್ಲಿಷ್ ಪ್ರತಿಯನ್ನು ಮಡಚಿಟ್ಟು, ಕನ್ನಡದ್ದನ್ನು ಪಕ್ಕದ ಶಾಖೆಯ ವಿಷಯ ನಿರ್ವಾಹಕರಿಗೆ ಕೊಡುತ್ತೇನೆ. ಯಾರಿಗೆ, ಯಾವ ಹುದ್ದೆ, ಯಾವತ್ತಿನಿಂದ, ಎಲ್ಲಿಯವರೆಗೆ ಅಂತ ಕೇಳುತ್ತೇನೆ. ಅವರು ಎರಡನೇ ಸಲ ಓದದೆ ಹೇಳಿದರೆ ಸಹಿಗೆ ಕಳಿಸುತ್ತೇನೆ.