16 ಸೆಂಟಿಮೀಟರ್ ಗೆರೆ 32 ಕಿಲೋಮೀಟರ್ ಆದ ಕತೆ

ನಾನು ಕೆಲಸ ಮಾಡೋದು ಕುಡಿಯೋ ನೀರಿನ ಪೈಪ್‌ಲೈನ್‌ಗಳಿಗೆ ಸರ್ವೆ, ಡ್ರಾಯಿಂಗ್, ಎಸ್ಟಿಮೇಟ್ ಮಾಡಿಕೊಡೋ ಒಂದು ಸಣ್ಣ ಆಫೀಸಲ್ಲಿ. ಫೀಲ್ಡಿಗೆ ಹೋಗೋಕೆ ಮುಂಚೆ ಟೋಪೋಶೀಟ್ ಅನ್ನೋ ದೊಡ್ಡ ನಕ್ಷೆ ಹಾಸ್ಕೊಂಡು ಯಾವ ಕೆರೆಯಿಂದ ಯಾವ ಊರಿಗೆ ಎಷ್ಟು ದೂರ ಅಂತ ಅಂದಾಜು ತೆಗೀತೀವಿ, ಆಮೇಲೆ ಟೋಟಲ್ ಸ್ಟೇಷನ್ನು ಜಿಪಿಎಸ್ಸು ಎಲ್ಲಾ. ಮೊಬೈಲಲ್ಲೇ ದೂರ ನೋಡ್ಬೋದಲ್ಲ ಅಂತೀರಾ, ನೋಡ್ತೀವಿ, ಆದ್ರೆ ಇಡೀ ಯೋಜನೆನ ಒಂದೇ ಹಾಳೆ ಮೇಲೆ ಹರಡಿ ನಾಲ್ಕು ಜನ ಸುತ್ತ ನಿಂತು ಬೆರಳಿಟ್ಟು ಮಾತಾಡೋಕೆ ಕಾಗದವೇ ಬೇಕು.

ಮೊನ್ನೆ ಹೊಸದಾಗಿ ಸೇರಿದ ಹುಡುಗನಿಗೆ ತುಮಕೂರು ಜಿಲ್ಲೆಯ ಉತ್ತರದ ಕಡೆಯ ಒಂದು ಶೀಟ್ ಕೊಟ್ಟು, ಈ ಕೆರೆಯಿಂದ ಈ ಓವರ್‌ಹೆಡ್ ಟ್ಯಾಂಕ್‌ವರೆಗೆ ರಸ್ತೆ ಪಕ್ಕದಲ್ಲೇ ಅಳೆದು ಹೇಳಪ್ಪ ಅಂದೆ. ಪಾಪ ನೀಟಾಗಿ ದಾರ ಇಟ್ಟು, ರಸ್ತೆ ತಿರುಗಿದ ಕಡೆ ಎಲ್ಲಾ ದಾರಾನೂ ತಿರುಗಿಸಿ, ಆಮೇಲೆ ಸ್ಕೇಲ್ ಮೇಲೆ ಹಿಡಿದು 16.2 ಸೆಂಟಿಮೀಟರ್ ಅಂತ ಬರ್ಕೊಂಡ. ಅಳತೆ ಸರಿಯಾಗೇ ಇತ್ತು. ಹತ್ತು ನಿಮಿಷ ಬಿಟ್ಟು ಬಂದು "ಸರ್, 32.4 ಕಿಲೋಮೀಟರ್" ಅಂದ.

ನಾನು ಕ್ಯಾಲ್ಕುಲೇಟರ್ ಮುಟ್ಟಲಿಲ್ಲ. ಶೀಟಿನ ಎಡಗಡೆ ಅಂಚಿಗೆ ಕೈ ಇಟ್ಟು ಮೇಲಿಂದ ಕೆಳಗಿನವರೆಗೂ ಸವರಿ, "ಈ ಇಡೀ ಶೀಟ್ ಎಷ್ಟು ಕಿಲೋಮೀಟರ್ ಇದೆ ಗೊತ್ತಾ?" ಅಂತ ಕೇಳ್ದೆ. ಅವನಿಗೆ ಗೊತ್ತಿರಲಿಲ್ಲ, ಗೊತ್ತಿರಬೇಕು ಅಂತಾನೂ ಯಾರೂ ಹೇಳಿಕೊಟ್ಟಿರಲ್ಲ ಬಿಡಿ. ಸರ್ವೆ ಆಫ್ ಇಂಡಿಯಾದ 1:50,000 ಶೀಟ್ ಅಂದ್ರೆ ಅಕ್ಷಾಂಶದಲ್ಲಿ 15 ಮಿನಿಟು, ರೇಖಾಂಶದಲ್ಲಿ 15 ಮಿನಿಟು, ಅಂದ್ರೆ ಕಾಲು ಡಿಗ್ರಿ. ಒಂದು ಡಿಗ್ರಿ ಅಕ್ಷಾಂಶ ನಮ್ಮ ಕಡೆ ಸುಮಾರು 110.6 ಕಿಲೋಮೀಟರ್, ಅದರಲ್ಲಿ ಕಾಲು ಭಾಗ ಅಂದ್ರೆ 27.7. ಅಷ್ಟೇ. ಇಡೀ ಶೀಟು ಮೇಲಿಂದ ಕೆಳಕ್ಕೆ 27.7 ಕಿಲೋಮೀಟರ್, ಕಾಗದದ ಮೇಲೆ ಅದು 55 ಸೆಂಟಿಮೀಟರ್ ಚಿಲ್ಲರೆ. ಅವನು ಅಳೆದಿದ್ದು 16 ಸೆಂಟಿಮೀಟರ್, ಶೀಟಿನ ಮೂರನೇ ಒಂದು ಭಾಗಾನೂ ಇಲ್ಲ. ಇಡೀ ಹಾಳೆನೇ 27 ಕಿಲೋಮೀಟರ್ ಇರುವಾಗ ಅದರ ಮೇಲಿನ ಒಂದು ಗೇಣಿನಷ್ಟು ಗೆರೆ 32 ಹೇಗಾಗುತ್ತೆ? ಹುಡುಗ ತಾನೇ ನಕ್ಕ.

ಸರಿ, ತಪ್ಪು ಅಂತ ಗೊತ್ತಾಯ್ತು, ಆದ್ರೆ ಎಲ್ಲಿ ತಪ್ಪಿದ? ಅವನು 2ರಿಂದ ಗುಣಿಸಿದ್ದ. ನಮ್ಮ ಆಫೀಸಲ್ಲಿ ಎಲ್ಲರೂ 1:50,000 ಶೀಟ್‌ಗೆ "ಎರಡು ಸೆಂಟಿಮೀಟರ್‌ಗೆ ಒಂದು ಕಿಲೋಮೀಟರ್" ಅಂತಾನೇ ಹೇಳೋದು, ಆ ಎರಡು ಅನ್ನೋದು ಮಾತ್ರ ತಲೇಲಿ ಉಳ್ಕೊಂಡಿದೆ, ಗುಣಿಸಬೇಕೋ ಭಾಗಿಸಬೇಕೋ ಅನ್ನೋದು ಉಳಿದಿಲ್ಲ. ಅದೂ ಅಲ್ದೆ ಹಿಂದಿನ ವಾರ ಅವನು ನೋಡಿದ್ದು 1:2,50,000 ಶೀಟು, ಅದಕ್ಕೆ ನಾವು "ಒಂದು ಸೆಂಟಿಮೀಟರ್‌ಗೆ ಎರಡೂವರೆ ಕಿಲೋಮೀಟರ್" ಅಂತೀವಿ, ಅಲ್ಲಿ ಗುಣಿಸೋದೇ ಸರಿ. ಒಂದರಲ್ಲಿ ಎರಡು ಅನ್ನೋದು ಕಾಗದದ ಲೆಕ್ಕ, ಇನ್ನೊಂದರಲ್ಲಿ ಎರಡೂವರೆ ಅನ್ನೋದು ನೆಲದ ಲೆಕ್ಕ. ಮಾತು ಒಂದೇ ಥರ ಕೇಳ್ಸುತ್ತೆ, ಅರ್ಥ ಉಲ್ಟಾ.

ಅದಕ್ಕೇ ನಾನು ಈ ಬಾಯಿಮಾತಿನ ಲೆಕ್ಕ ಬಿಟ್ಟು ಯಾವ ನಕ್ಷೆ ಬಂದ್ರೂ ಮೊದ್ಲು "ಕಾಗದದ ಮೇಲಿನ 1 ಸೆಂಟಿಮೀಟರ್ ಅಂದ್ರೆ ನೆಲದ ಮೇಲೆ ಎಷ್ಟು" ಅಂತ ಒಂದೇ ರೂಪಕ್ಕೆ ತಂದ್ಕೋತೀನಿ. 1:50,000 ಅಂದ್ರೆ ಇಲ್ಲಿ 1 ಸೆಂಟಿಮೀಟರ್, ಅಲ್ಲಿ 50,000 ಸೆಂಟಿಮೀಟರ್. ಒಂದು ಕಿಲೋಮೀಟರ್‌ಗೆ 1,00,000 ಸೆಂಟಿಮೀಟರ್, ಅಂದ್ರೆ 50,000 ಅಂದ್ರೆ ಅರ್ಧ ಕಿಲೋಮೀಟರ್. ಮುಗೀತು, ಇನ್ಮೇಲೆ ಯಾವ ಅಳತೆ ಬಂದ್ರೂ 0.5ರಿಂದ ಗುಣಿಸೋದು: 16.2 × 0.5 = 8.1 ಕಿಲೋಮೀಟರ್. ಸೊನ್ನೆ ತಪ್ಪೋದೂ ಇಲ್ಲೇ, ಮೀಟರ್‌ಗೆ ಬಂದ್ಮೇಲೆ ಎರಡು ಸೊನ್ನೆ ಹೋಗುತ್ತೆ ಕಿಲೋಮೀಟರ್‌ಗೆ ಇನ್ನೂ ಮೂರು, ಒಟ್ಟು ಐದು, ಕೆಲವರು ನಾಲ್ಕು ತೆಗೆದು 81 ಕಿಲೋಮೀಟರ್ ಅಂತ ತಂದಿರೋದನ್ನೂ ನೋಡಿದೀನಿ. ಆದ್ರೆ ಇಂಥ ತಪ್ಪು ಎಲ್ಲಾ ದೊಡ್ಡ ತಪ್ಪು, ನಾಲ್ಕು ಪಟ್ಟು, ಹತ್ತು ಪಟ್ಟು, ಕಣ್ಣಿಗೆ ಹೊಡೆಯುತ್ತೆ. ಶೀಟಿನ ಅಂಚಿಗೆ ಕೈ ಇಟ್ರೆ ಸಿಕ್ಕಿಬೀಳುತ್ತೆ.

ನನ್ನ ನಿದ್ದೆ ಕೆಡಿಸಿದ್ದು ಸಣ್ಣ ತಪ್ಪು, ಮತ್ತೆ ಅದು ಹುಡುಗನದಲ್ಲ, ನನ್ನದೇ. ಕೆಲವು ವರ್ಷದ ಹಿಂದಿನ ಮಾತು. ಶೀಟು ಪಿಡಿಎಫ್ ರೂಪದಲ್ಲಿ ಇತ್ತು, ಪ್ರಿಂಟ್ ಅಂಗಡಿಗೆ ಕಳಿಸ್ದೆ, ಅಲ್ಲಿ ದೊಡ್ಡ ಹಾಳೆ ಇರಲಿಲ್ವಂತೆ, A1 ಬದಲು A2ರಲ್ಲಿ ಹಾಕಿಕೊಟ್ರು. ನಕ್ಷೆ ಪೂರ್ತಿ ಬಂದಿತ್ತು, ಅಕ್ಷರ ಸ್ವಲ್ಪ ಸಣ್ಣ ಆಗಿತ್ತು ಅಷ್ಟೇ, ಕೆಳಗಡೆ 1:50,000 ಅಂತ ಎಂದಿನ ಹಾಗೇ ಅಚ್ಚಾಗಿತ್ತು. ನಾನು ದಾರ ಇಟ್ಟೆ, 13 ಸೆಂಟಿಮೀಟರ್ ಬಂತು, 0.5ರಿಂದ ಗುಣಿಸಿ 6.5 ಕಿಲೋಮೀಟರ್ ಅಂತ ಬರೆದೆ. ಲೆಕ್ಕ ಸರಿ. ಶೀಟಿನ ಉದ್ದಕ್ಕೆ ಹೋಲಿಸಿದ್ರೂ ಏನೂ ಅನುಮಾನ ಬರಲ್ಲ, ಎರಡು ಊರಿನ ಮಧ್ಯೆ ಆರೂವರೆ ಕಿಲೋಮೀಟರ್ ಇರೋದು ಎಲ್ಲಾ ಕಡೆ ಇದ್ದದ್ದೇ.

ಎಸ್ಟಿಮೇಟ್ ಟೈಪ್ ಆಗಿ ಸಹಿಗೆ ಹೋಗೋದಷ್ಟೇ ಬಾಕಿ ಇತ್ತು, ಅಷ್ಟರಲ್ಲಿ ಸೈಟ್‌ಗೆ ಹೋಗಿದ್ದ ನಮ್ಮ ಫೀಲ್ಡ್ ಅಸಿಸ್ಟೆಂಟ್ ಫೋನ್ ಮಾಡಿ "ಸಾರ್, ನೀವು ಆರೂವರೆ ಅಂದಿದ್ರಿ, ಗಾಡಿ ಮೀಟರಲ್ಲಿ ಒಂಬತ್ತೂವರೆ ಬಂತಲ್ಲ, ನಾನೇನಾದ್ರೂ ಬೇರೆ ದಾರಿ ಹಿಡಿದ್ನಾ" ಅಂದ್ರು. ನಾನು ಹೌದು ಬೇರೆ ದಾರೀನೇ ಹಿಡಿದಿರ್ತೀರಿ ಅಂದುಬಿಟ್ಟೆ, ಈಗ ನೆನೆಸ್ಕೊಂಡ್ರೆ ನಾಚಿಕೆ ಆಗುತ್ತೆ. ಅವರು ದಾರೀಲಿ ಸಿಗೋ ಊರುಗಳ ಹೆಸರು ಒಂದೊಂದೇ ಹೇಳ್ತಾ ಹೋದ್ರು, ಎಲ್ಲಾ ನನ್ನ ದಾರದ ಕೆಳಗೇ ಇತ್ತು.

ಆಗ ಗ್ರಿಡ್ ಚೌಕ ನೋಡ್ದೆ. ಆ ಶೀಟಿನ ಮೇಲೆ ಒಂದೊಂದು ಕಿಲೋಮೀಟರ್‌ಗೆ ಗ್ರಿಡ್ ಗೆರೆ ಎಳೆದಿರ್ತಾರೆ, 1:50,000ರಲ್ಲಿ ಆ ಚೌಕದ ಬದಿ ಸರಿಯಾಗಿ 2 ಸೆಂಟಿಮೀಟರ್ ಇರ್ಬೇಕು. ಸ್ಕೇಲ್ ಇಟ್ರೆ 1.4. ಒಂದು ಚೌಕದಲ್ಲಿ ಸರಿಯಾಗಿ ಗೊತ್ತಾಗಲ್ಲ ಅಂತ ಹತ್ತು ಚೌಕ ಒಟ್ಟಿಗೆ ಅಳೆದೆ, 14.1 ಸೆಂಟಿಮೀಟರ್. ಅಂದ್ರೆ 1.41 ಸೆಂಟಿಮೀಟರ್‌ಗೆ ಒಂದು ಕಿಲೋಮೀಟರ್. A1ನಿಂದ A2ಗೆ ಇಳಿಸಿದ್ರೆ ಉದ್ದ ಎಲ್ಲಾ 0.707 ಪಟ್ಟು ಆಗುತ್ತೆ, 2 ಸೆಂಟಿಮೀಟರ್ ಚೌಕ 1.41 ಆಗಿದ್ದು ಅದಕ್ಕೇ. 13ನ್ನ 1.41ರಿಂದ ಭಾಗಿಸಿ, 9.2 ಕಿಲೋಮೀಟರ್. ಪಿಡಿಎಫ್ ಕುಗ್ಗಿದಾಗ ಗೆರೆ ಕುಗ್ಗುತ್ತೆ, ಗ್ರಿಡ್ ಕುಗ್ಗುತ್ತೆ, ಕೆಳಗಿರೋ ಪಟ್ಟಿ ಅಳತೆ ಕುಗ್ಗುತ್ತೆ, ಕುಗ್ಗದೆ ಇರೋದು "1:50,000" ಅನ್ನೋ ಅಕ್ಷರ ಮಾತ್ರ, ಅದು ಮಾತ್ರ ಸುಳ್ಳು ಹೇಳುತ್ತೆ. ಆ ಹಾಳೆ ನಿಜವಾಗಿ ಸುಮಾರು 1:70,700 ಆಗಿತ್ತು.

2.7 ಕಿಲೋಮೀಟರ್ ಪೈಪು ಲೆಕ್ಕದಲ್ಲೇ ಇರಲಿಲ್ಲ ಅಂದ್ರೆ ಏನಾಗ್ತಿತ್ತು ಅಂತ ಈ ಕೆಲಸದಲ್ಲಿ ಇರೋರಿಗೆ ಹೇಳೋದೇ ಬೇಡ. ಟೈಪ್ ಮಾಡಿದ್ದನ್ನ ಹರಿದು ಹಾಕಿ ಹೊಸದಾಗಿ ಮಾಡಿದ್ವಿ, ಹುಷಾರಾಗಿದ್ದೆ ಅನ್ನೋಕಾಗಲ್ಲ, ಫೋನ್ ಬಂದಿದ್ದು ಅದೃಷ್ಟ.

ಇನ್ನೂ ಒಂದು ಉಳೀತು, ನಾನು ಸರಿ ಮಾಡಿದ್ದು 9.2, ಗಾಡಿ ತೋರಿಸಿದ್ದು 9.5, ಆ 300 ಮೀಟರ್ ಎಲ್ಲಿ ಹೋಯ್ತು? ಇದು ಲೆಕ್ಕದ ತಪ್ಪಲ್ಲ. 1:50,000ರಲ್ಲಿ ಅರ್ಧ ಮಿಲಿಮೀಟರ್ ಅಂದ್ರೆ ನೆಲದ ಮೇಲೆ 25 ಮೀಟರ್, ಹಾಗಾಗಿ ರಸ್ತೆಯ ಸಣ್ಣ ಸಣ್ಣ ಸೊಟ್ಟ ತಿರುವುಗಳನ್ನ ನಕ್ಷೆ ಬರೆಯೋರು ನೇರ ಮಾಡಿಬಿಡ್ತಾರೆ, ತೋರಿಸೋಕೆ ಜಾಗ ಇರಲ್ಲ, ನಕ್ಷೆ ಮೇಲಿನ ರಸ್ತೆ ನಿಜವಾದ ರಸ್ತೆಗಿಂತ ಸ್ವಲ್ಪ ಕಮ್ಮಿನೇ ಬರುತ್ತೆ. ಜೊತೆಗೆ ದಾರ ಎಳೆದು ಹಿಡಿದ್ರೆ ಒಂದೆರಡು ಮಿಲಿಮೀಟರ್ ಹೆಚ್ಚುಕಮ್ಮಿ, ಅಲ್ಲಿಗೇ 100 ಮೀಟರ್, ಮತ್ತೆ ಬೈಕಿನ ಮೀಟರ್ ಏನು ದೇವರ ವಾಕ್ಯ ಅಲ್ಲ. ಏರು ಇಳಿಜಾರಿನಿಂದ ಅಂತ ಕೆಲವರು ಹೇಳ್ತಾರೆ, ಅದು ತೀರಾ ಸಣ್ಣದು, ನೂರು ಮೀಟರ್‌ಗೆ ಹತ್ತು ಮೀಟರ್ ಏರೋ ಕಡಿದಾದ ರಸ್ತೇಲೂ ಉದ್ದ ಹೆಚ್ಚಾಗೋದು ಅರ್ಧ ಪರ್ಸೆಂಟ್ ಅಷ್ಟೇ, ಈ ಬಯಲುಸೀಮೇಲಿ ಅದನ್ನ ಲೆಕ್ಕಕ್ಕೇ ತಗೊಳಲ್ಲ. ಅದಕ್ಕೇ ಯಾರಾದ್ರೂ ಟೋಪೋಶೀಟ್ ಅಳೆದು 9.217 ಕಿಲೋಮೀಟರ್ ಅಂತ ಬರೆದ್ರೆ ನನಗೆ ಸಿಟ್ಟು ಬರುತ್ತೆ, ಕಡೇ ಎರಡು ಅಂಕಿ ಎಲ್ಲಿಂದ ಬಂತು, ದಾರದಿಂದ ಅಂತೂ ಅಲ್ಲ.

ಹುಡುಗನ ಕತೆ ಅಲ್ಲಿಗೇ ಮುಗೀಲಿಲ್ಲ. ಅದೇ ಸಾಯಂಕಾಲ ಅದೇ ಕೆರೆಯ ಜಲಾನಯನ ಪ್ರದೇಶ ಎಷ್ಟು ಅಂತ ಕೇಳ್ದೆ, ಗ್ರಾಫ್ ಶೀಟ್ ಇಟ್ಟು ಚೌಕ ಎಣಿಸಿ 36 ಚದರ ಸೆಂಟಿಮೀಟರ್ ಅಂದ, ಬೆಳಿಗ್ಗೆ ಕಲಿತಿದ್ದು ಚೆನ್ನಾಗಿ ನೆನಪಿತ್ತು, 0.5ರಿಂದ ಗುಣಿಸಿ 18 ಚದರ ಕಿಲೋಮೀಟರ್ ಅಂತ ಬರೆದ. ಬೈಯೋ ಮನಸ್ಸಾಗಲಿಲ್ಲ, ನಾನು ಹೇಳಿದ್ದನ್ನೇ ತಾನೇ ಮಾಡಿದ್ದು. ಗ್ರಿಡ್ಡಿನ ಒಂದು ಚೌಕ ತೋರಿಸಿ ಇದು ಎಷ್ಟು ಚದರ ಕಿಲೋಮೀಟರ್ ಅಂದೆ, ಒಂದು ಅಂದ. ಕಾಗದದ ಮೇಲೆ ಎಷ್ಟು ಚದರ ಸೆಂಟಿಮೀಟರ್ ಅಂದೆ, ಎರಡೆರಡ್ಲಿ ನಾಲ್ಕು ಅಂದ, ಅಂದವನೇ ಸುಮ್ಮನಾದ. ಸ್ವಲ್ಪ ಹೊತ್ತು ಬಿಟ್ಟು 18ನ್ನ ಹೊಡೆದು ಹಾಕಿ 9 ಬರೆದ.

ಈಗ ನಮ್ಮಲ್ಲಿ ಯಾವ ಪ್ರಿಂಟ್ ಬಂದ್ರೂ ಮೊದ್ಲು ಹತ್ತು ಚೌಕ ಅಳೆದು ಹಾಳೆ ಮೂಲೇಲಿ ಪೆನ್ಸಿಲಲ್ಲಿ ಬರೆದಿಡೋದು ಅವನ ಕೆಲಸ. ನಿನ್ನೆ ಬಂದ ಹಾಳೆ ಮೇಲೆ "ಹತ್ತು ಚೌಕ 19.7" ಅಂತ ಬರೆದಿದ್ದ, ಪ್ರಿಂಟ್ ಅಂಗಡಿಯವರು ಈ ಸಲ ಅಳತೆ ಸರಿ ಇದೆ ಅಂತ ಆಣೆ ಮಾಡಿ ಹೇಳಿದ್ರು.