ಕೊಟ್ಟ ಬಿಸಿ ಎಲ್ಲಿ ಹೋಯ್ತು?

“ಮಿಸ್, ಕೆಳಗೆ ಒಲೆ ಉರೀತಾನೇ ಇದೆ, ಐಸ್ ಕರಗೋವರೆಗೂ ಥರ್ಮಾಮೀಟರ್ ಮಾತ್ರ ಏರೋದೇ ಇಲ್ಲ. ಕೊಟ್ಟ ಬಿಸಿ ಎಲ್ಲಿ ಹೋಯ್ತು?”

ಎಲ್ಲೂ ಹೋಗಿಲ್ಲ, ಪಾತ್ರೆಯೊಳಗೇ ಇದೆ. ಥರ್ಮಾಮೀಟರಿಗೆ ಅದು ಕಾಣುವುದಿಲ್ಲ, ಅಷ್ಟೇ. ಆ ಗಾಜಿನ ಕಡ್ಡಿ ಬಿಸಿಯನ್ನು ಅಳೆಯುವುದೇ ಇಲ್ಲ ನೋಡಿ. ಒಳಗಿರುವ ಕೆಂಪು ಆಲ್ಕೋಹಾಲ್ ಎಷ್ಟು ಹಿಗ್ಗಿದೆ ಅನ್ನುವುದನ್ನು ಮಾತ್ರ ತೋರಿಸುತ್ತದೆ. ಪಕ್ಕದ ನೀರಿನ ಕಣಗಳು ಜೋರಾಗಿ ಅಲುಗಾಡಿದರೆ ಆಲ್ಕೋಹಾಲಿನ ಕಣಗಳೂ ಜೋರಾಗಿ ಅಲುಗಾಡುತ್ತವೆ, ಜಾಗ ಜಾಸ್ತಿ ಬೇಕಾಗುತ್ತದೆ, ಕೆಂಪು ಗೆರೆ ಮೇಲೇರುತ್ತದೆ. ಐಸ್ ಕರಗುವ ಹೊತ್ತಿನಲ್ಲಿ ಒಲೆಯ ಬಿಸಿ ಕಣಗಳ ಓಟ ಹೆಚ್ಚಿಸುವುದಕ್ಕೆ ಖರ್ಚಾಗುವುದಿಲ್ಲ. ಅವು ಒಂದನ್ನೊಂದು ಹಿಡಿದುಕೊಂಡಿರುವ ಹಿಡಿತ ಬಿಡಿಸುವುದಕ್ಕೆ ಹೋಗುತ್ತದೆ. ಓಟ ಹೆಚ್ಚಾಗಲಿಲ್ಲ, ಹಾಗಾಗಿ ಗೆರೆಯೂ ಏರಲಿಲ್ಲ.

ಬಾಯಲ್ಲಿ ಹೇಳಿದರೆ ಮಕ್ಕಳು ತಲೆಯಾಡಿಸುತ್ತಾರೆ, ನಂಬುವುದಿಲ್ಲ. ಅದಕ್ಕೇ ಪ್ರತಿ ವರ್ಷ ನಮ್ಮ ಮನೆಯ ಅಡುಗೆಮನೆಯಲ್ಲಿ ಐಸ್ ಕಾಯಿಸುತ್ತೇವೆ, ಹೊತ್ತು ಹೋದ ಹಾಗೆ ಡಿಗ್ರಿ ಹೇಗೆ ಏರುತ್ತದೆ ಅಂತ ಗ್ರಾಫ್ ಬರೆಯುತ್ತೇವೆ. ಡಿಗ್ರಿ ಏರದೆ ನಿಂತ ಕಡೆ ಗ್ರಾಫ್ ಚಪ್ಪಟೆಯಾಗುತ್ತದೆ. ಟ್ಯೂಷನ್‌ಗೆ ಬರುವ ಏಳೆಂಟು ಮಕ್ಕಳು, ಒಂದು ಕಾಯಿಲ್ ಒಲೆ, 300 ಗ್ರಾಂ ತೂಗುವ ಒಂದು ಸ್ಟೀಲ್ ಪಾತ್ರೆ, 200 ಗ್ರಾಂ ಐಸ್.

ಮೊದಲು ಒಲೆಯ ಯೋಗ್ಯತೆ ಗೊತ್ತಾಗಬೇಕು. ನಮ್ಮ ಒಲೆಯ ಮೇಲೆ 1000 ವಾಟ್ ಅಂತ ಬರೆದಿದೆ, ಆದರೆ ಅದರಲ್ಲಿ ಅರ್ಧ ಪಕ್ಕದ ಗಾಳಿಗೆ ಹೋಗುತ್ತದೆ. ಅದಕ್ಕೆ ಒಂದು ಲೀಟರ್ ನೀರಿಟ್ಟು, 30ರಿಂದ 40 ಡಿಗ್ರಿಗೆ ಬರಲು ಎಷ್ಟು ಹೊತ್ತು ಬೇಕು ಅಂತ ನೋಡಿದೆವು. ಒಂದು ಗ್ರಾಂ ನೀರನ್ನು ಒಂದು ಡಿಗ್ರಿ ಏರಿಸಲು 4.2 ಜೂಲ್ ಬೇಕು. ಅಂದರೆ 1000 × 4.2 × 10 = 42,000 ಜೂಲ್. ನಮಗೆ ಹಿಡಿದದ್ದು 84 ಸೆಕೆಂಡ್. ಭಾಗಿಸಿದರೆ ಸೆಕೆಂಡಿಗೆ 500 ಜೂಲ್ ನೀರಿಗೆ ಸೇರುತ್ತಿದೆ ಅಂತಾಯಿತು.

ಈಗ ಐಸ್. ಫ್ರೀಜರಿನಿಂದ ತೆಗೆದು ಪಾತ್ರೆಗೆ ಹಾಕುವಷ್ಟರಲ್ಲಿ −10 ಡಿಗ್ರಿಯಲ್ಲಿದೆ ಅಂತಿಟ್ಟುಕೊಳ್ಳಿ. ಐಸ್‌ಗೆ ಗ್ರಾಂಗೆ, ಡಿಗ್ರಿಗೆ 2.1 ಜೂಲ್ ಸಾಕು, ನೀರಿನ ಅರ್ಧ. −10ರಿಂದ 0ಗೆ ಬರಲು 200 × 2.1 × 10, ಅಂದರೆ ಬರೀ 4,200 ಜೂಲ್. ಎಂಟು ಸೆಕೆಂಡಿನ ಕೆಲಸ. ಆಮೇಲೆ ಕರಗಬೇಕು. ಇಲ್ಲಿ ಡಿಗ್ರಿ ಬದಲಾಗುವುದಿಲ್ಲ, ಹಾಗಾಗಿ ಸೂತ್ರದಲ್ಲೂ ಡಿಗ್ರಿ ಇಲ್ಲ: Q = m × L, ಅಂದರೆ ಬೇಕಾದ ಬಿಸಿ = ತೂಕ × ಗುಪ್ತೋಷ್ಣ, ಅಷ್ಟೇ. ಡಿಗ್ರಿ ಏರಿಸದೆ ಒಂದು ಗ್ರಾಂ ಕರಗಿಸಲು ಒಳಗೇ ಅಡಗುವ ಬಿಸಿಯೇ ಗುಪ್ತೋಷ್ಣ. ಐಸ್ ಕರಗಿಸುವ ಗುಪ್ತೋಷ್ಣ ಗ್ರಾಂಗೆ 334 ಜೂಲ್, ಆದ್ದರಿಂದ 200 × 334 = 66,800 ಜೂಲ್. ಎರಡು ಕಾಲು ನಿಮಿಷ ಒಲೆ ಉರಿದರೂ ಗೆರೆ ಸೊನ್ನೆಯಲ್ಲೇ ನಿಂತಿರುತ್ತದೆ. ಇಷ್ಟೇ ಬಿಸಿಯನ್ನು ಆಗಲೇ ನೀರಾಗಿರುವ 200 ಗ್ರಾಂಗೆ ಕೊಟ್ಟಿದ್ದರೆ ಅದು ಸೊನ್ನೆಯಿಂದ ಸುಮಾರು 80 ಡಿಗ್ರಿಗೆ ಏರುತ್ತಿತ್ತು, ಕೈ ಇಡಲಾಗದಷ್ಟು! ಐಸ್ ಅದನ್ನೆಲ್ಲ ನುಂಗಿ, ತಣ್ಣಗಿನ ನೀರಾಗಿ ಕೂತಿರುತ್ತದೆ. ಇದನ್ನು ಮೊದಲು ಸರಿಯಾಗಿ ಅಳೆದವರು ಸ್ಕಾಟ್ಲೆಂಡಿನ ಜೋಸೆಫ್ ಬ್ಲ್ಯಾಕ್, 1760ರ ದಶಕದಲ್ಲಿ. ಒಲೆಯೂ ಹಚ್ಚಲಿಲ್ಲ ಪುಣ್ಯಾತ್ಮ. ಒಂದೇ ಕೋಣೆಯಲ್ಲಿ ಒಂದು ಗಾಜಿನಲ್ಲಿ ಐಸ್, ಇನ್ನೊಂದರಲ್ಲಿ ಅಷ್ಟೇ ತಣ್ಣಗಿನ ನೀರು ಇಟ್ಟು ಕಾದರು. ನೀರು ಅರ್ಧ ಗಂಟೆಯಲ್ಲಿ ಮುಟ್ಟಿದ ಡಿಗ್ರಿಯನ್ನು ಐಸ್ ಮುಟ್ಟಲು ಹತ್ತೂವರೆ ಗಂಟೆ ಹಿಡಿಯಿತು.

ಹೋದ ವರ್ಷ ಈ ಹಂತದಲ್ಲೇ ಒಂದು ಜಗಳ ಆಯಿತು. ಒಬ್ಬ ಹುಡುಗ ಸಣ್ಣ ಉರಿಯಲ್ಲಿಟ್ಟು, ಥರ್ಮಾಮೀಟರನ್ನು ತಳದ ಹತ್ತಿರ ಹಿಡಿದು, ಕದಡದೆ ಸುಮ್ನೆ ನಿಂತಿದ್ದ. ಮೇಲೆ ಐಸ್ ತೇಲುತ್ತಿದೆ, ಇವನ ಗೆರೆ 3 ತೋರಿಸುತ್ತಿದೆ. “ಮಿಸ್, ನೀವು ಹೇಳಿದ್ದು ಸುಳ್ಳು” ಅಂದ. ಸುಳ್ಳಲ್ಲ, ನೀರಿನ ಒಂದು ವಿಚಿತ್ರ ಗುಣ ಅದು. ಹೆಚ್ಚಿನ ವಸ್ತುಗಳು ಕಾದರೆ ಹಿಗ್ಗುತ್ತವೆ. ನೀರು ಮಾತ್ರ 0ರಿಂದ 4 ಡಿಗ್ರಿವರೆಗೆ ಕಾದಷ್ಟೂ ಕುಗ್ಗುತ್ತದೆ, 4ರ ನಂತರ ಹಿಗ್ಗಲು ಶುರು ಮಾಡುತ್ತದೆ. ಕುಗ್ಗಿದ ನೀರು ಭಾರ. ಹಾಗಾಗಿ ತಳದಲ್ಲಿ 3 ಡಿಗ್ರಿಗೆ ಬಂದ ನೀರು ಮೇಲೇಳದೆ ಅಲ್ಲೇ ಕೂರುತ್ತದೆ, ಐಸ್ ಹತ್ತಿರ ಹೋಗುವುದೇ ಇಲ್ಲ. ಚಮಚದಿಂದ ಎರಡು ಸುತ್ತು ಕದಡಿಸಿದೆ, ಗೆರೆ ಸರ್ರನೆ ಸೊನ್ನೆಗೆ ಇಳಿಯಿತು. ಈ ಪ್ರಯೋಗದಲ್ಲಿ ಗ್ರಾಫಿನ ಮೊದಲ ಚಪ್ಪಟೆ ಭಾಗ ಓರೆಯಾಗಿ ಬಂದರೆ ಹತ್ತರಲ್ಲಿ ಒಂಬತ್ತು ಸಲ ಕದಡದೇ ಇರುವುದೇ ಕಾರಣ.

4 ಡಿಗ್ರಿ ದಾಟಿದ ಮೇಲೆ ಹಿಗ್ಗುವುದು ನಮ್ಮ ಕಡೆಯ ಮನೆಗಳಲ್ಲಿ ದಿನಾ ಬೆಳಗ್ಗೆ ಕಾಣುತ್ತದೆ. ತೀರ್ಥಹಳ್ಳಿ ಕಡೆ ನಮ್ಮ ಅಜ್ಜಿ ಮನೆಯಲ್ಲಿ ಬಚ್ಚಲೊಲೆಯ ಮೇಲೆ 30 ಲೀಟರಿನ ತಾಮ್ರದ ಹಂಡೆ. ನಾನು ಬಾಯಿಮಟ್ಟ ತುಂಬಿಸಿದರೆ ಅಜ್ಜಿ ಬೈಯುತ್ತಿದ್ದರು, “ನಾಕು ಬೆರಳು ಬಿಡೇ, ಬೂದಿ ಎಲ್ಲ ರಾಡಿ ಆಗ್ತದೆ” ಅಂತ. ಲೆಕ್ಕ ಹಾಕಿ ನೋಡಿದರೆ ಅಜ್ಜಿಯದೇ ಸರಿ. 20 ಡಿಗ್ರಿಯ ನೀರು 80 ಡಿಗ್ರಿಗೆ ಬಂದಾಗ ನೂರಕ್ಕೆ 2.7ರಷ್ಟು ಹಿಗ್ಗುತ್ತದೆ. 30 ಲೀಟರಿಗೆ ಅದು 810 ಮಿಲಿ ಲೀಟರ್. ಹಂಡೆಯೂ ಹಿಗ್ಗುತ್ತದಲ್ವಾ ಅಂತ ಕೇಳುತ್ತೀರಿ, ಹೌದು. ತಾಮ್ರ ಉದ್ದದಲ್ಲಿ ಡಿಗ್ರಿಗೆ ಹತ್ತು ಲಕ್ಷಕ್ಕೆ 17 ಪಾಲು ಹಿಗ್ಗುತ್ತದೆ. ಗಾತ್ರಕ್ಕೆ ಅದರ ಮೂರು ಪಟ್ಟು, 51. ಅರವತ್ತು ಡಿಗ್ರಿಗೆ ಒಳಗಿನ ಜಾಗ 30 ಲೀಟರಿನಲ್ಲಿ ಸುಮಾರು 90 ಮಿಲಿ ಹೆಚ್ಚಾಯಿತು. ಉಳಿದ 720 ಮಿಲಿ, ಅಂದರೆ ಹೆಚ್ಚುಕಮ್ಮಿ ಮುಕ್ಕಾಲು ಲೀಟರ್, ಚುಸ್ ಅಂತ ಒಲೆಗೆ. ನೀರು ಇನ್ನೂ ಕುದಿ ಬಂದೇ ಇಲ್ಲ, ನೆನಪಿಡಿ.

ಅಡುಗೆಮನೆಗೆ ವಾಪಸ್ ಬರೋಣ. ಕರಗಿದ ನೀರು ಕುದಿಯಲು ಹೊರಟಿದೆ. ಪುಸ್ತಕದಲ್ಲಿ 100 ಡಿಗ್ರಿ ಅಂತಿದೆ, ನಮ್ಮ ಶಿವಮೊಗ್ಗದಲ್ಲಿ 98ಕ್ಕೇ ಕುದಿಯುತ್ತದೆ. ಊರು ಸಮುದ್ರ ಮಟ್ಟದಿಂದ ಸುಮಾರು 570 ಮೀಟರ್ ಎತ್ತರದಲ್ಲಿದೆ. ಸುಮಾರು 300 ಮೀಟರಿಗೆ ಒಂದು ಡಿಗ್ರಿ ಕಡಿಮೆ ಅಂತ ಲೆಕ್ಕ. 1343 ಮೀಟರಿನ ಕೊಡಚಾದ್ರಿ ತುದಿಯಲ್ಲಿ ಟೀ ಕಾಯಿಸಿದರೆ 95 ಚಿಲ್ಲರೆಗೇ ಕುದಿ. ಥರ್ಮಾಮೀಟರ್ ಕೆಟ್ಟಿದೆ ಅಂತ ಅಂಗಡಿಗೆ ವಾಪಸ್ ಕೊಡಬೇಡಿ, ಕದಡಿದ ಐಸ್ ನೀರಲ್ಲಿ ಸೊನ್ನೆ ತೋರಿಸಿದರೆ ಅದು ಸರಿಯಾಗೇ ಇದೆ.

0ರಿಂದ 98ಕ್ಕೆ 200 × 4.2 × 98 = 82,320 ಜೂಲ್. ಎರಡು ಮುಕ್ಕಾಲು ನಿಮಿಷ ಆಗಬೇಕು. ನಮಗೆ ಅರ್ಧ ನಿಮಿಷ ಜಾಸ್ತಿಯೇ ಹಿಡಿಯಿತು. ಪಾತ್ರೆಯೂ ಜೊತೆಗೆ ಕಾಯಬೇಕಲ್ಲ! ಸ್ಟೀಲಿಗೆ ಗ್ರಾಂಗೆ, ಡಿಗ್ರಿಗೆ ಅರ್ಧ ಜೂಲ್, 300 ಗ್ರಾಂ ಪಾತ್ರೆಗೆ ಡಿಗ್ರಿಗೆ 150 ಜೂಲ್, 98 ಡಿಗ್ರಿಗೆ 14,700. ಸುಮಾರು 29 ಸೆಕೆಂಡ್. ಐಸ್ ಕರಗುವಾಗ ಪಾತ್ರೆ ಈ ಪಾಲು ಕೇಳಲಿಲ್ಲ. ಡಿಗ್ರಿ ಏರದೆ ನಿಂತಾಗ ಪಾತ್ರೆಯೂ ಏರುವುದಿಲ್ಲ, ಅದಕ್ಕೆ ಏನೂ ಬೇಕಾಗಿಲ್ಲ.

ಇನ್ನು ಎರಡನೇ ಚಪ್ಪಟೆ. ಮಕ್ಕಳು ಇದನ್ನೂ ಮೊದಲನೆಯದರಷ್ಟೇ ಉದ್ದ ಬರೆಯುತ್ತಾರೆ, ಪುಸ್ತಕಗಳ ಚಿತ್ರದಲ್ಲೂ ಕೆಲವೊಮ್ಮೆ ಹಾಗೇ ಇರುತ್ತದೆ, ನನಗೆ ಸಿಟ್ಟು ಬರುವುದು ಅಲ್ಲಿಯೇ. ನೀರನ್ನು ಹಬೆ ಮಾಡಲು ಗ್ರಾಂಗೆ 2,260 ಜೂಲ್ ಬೇಕು. 200 × 2,260 = 4,52,000 ಜೂಲ್. ನಮ್ಮ ಒಲೆಗೆ ಹದಿನೈದು ನಿಮಿಷ! ಐಸ್ ಕಾಯ್ದದ್ದು, ಕರಗಿದ್ದು, ನೀರು ಕುದಿಗೆ ಬಂದದ್ದು ಎಲ್ಲ ಸೇರಿಸಿದರೂ 1,53,320 ಜೂಲ್, ಐದು ನಿಮಿಷ ಚಿಲ್ಲರೆ. ಅದರ ಮೂರು ಪಟ್ಟು ಹತ್ತಿರ ಬರೀ ಹಬೆಗೆ. ಐಸ್ ಕರಗುವಾಗ ಹಿಡಿತ ಸಡಿಲವಾಯಿತು ಅಷ್ಟೇ, ಕಣಗಳು ಇನ್ನೂ ಅಕ್ಕಪಕ್ಕವೇ ಇದ್ದವು. ಇಲ್ಲಿ ಪೂರ್ತಿ ಬಿಡಿಸಿಕೊಂಡು ಹೋಗಬೇಕು. ಜೊತೆಗೆ ಹಬೆಗೆ ನೀರಿನ ಸುಮಾರು 1,700 ಪಟ್ಟು ಜಾಗ ಬೇಕು, ಆ ಜಾಗದ ಗಾಳಿಯನ್ನು ಆಚೆ ತಳ್ಳುವುದಕ್ಕೂ ಸ್ವಲ್ಪ ಬಿಸಿ ಖರ್ಚು. ಆಮೇಲೆ ಹಬೆಯನ್ನು ಹಿಡಿದಿಟ್ಟು 110 ಡಿಗ್ರಿಗೆ ಕಾಯಿಸುವುದು ಹತ್ತೇ ಸೆಕೆಂಡಿನ ಕೆಲಸ, ಆದರೆ ತೆರೆದ ಪಾತ್ರೆಯಲ್ಲಿ ಅದು ಕಿಟಕಿಯಿಂದ ಹೊರಗೆ ಹೋಗಿಬಿಡುತ್ತದೆ, ಹಾಗಾಗಿ ಗ್ರಾಫಿನ ಆ ಕೊನೆಯ ಏರನ್ನು ನಾವು ನೋಡುವುದೇ ಇಲ್ಲ.

ಈ ಚಪ್ಪಟೆಯಲ್ಲಿ ಉರಿ ಜೋರು ಮಾಡಿದರೆ ನೀರು ಬೇಗ ಹಬೆಯಾಗಿ ಮುಗಿಯುತ್ತದೆ, ಡಿಗ್ರಿ ಏರುವುದಿಲ್ಲ. ಹೆಸರುಕಾಳು ಬೇಯಿಸುವಾಗ ಕುದಿ ಬಂದ ಮೇಲೆ ಗ್ಯಾಸ್ ಸಣ್ಣ ಮಾಡಿ ಮುಚ್ಚಳ ಹಾಕಿದರೂ ಅದೇ 98 ಡಿಗ್ರಿ.

ಹಬೆ ನುಂಗಿದ್ದನ್ನು ವಾಪಸ್ಸೂ ಕೊಡುತ್ತದೆ. ಕಡುಬು ಬೆಂದಿದೆಯಾ ಅಂತ ಮುಚ್ಚಳ ತೆಗೆದು ಇಣುಕಿ ಮಣಿಕಟ್ಟು ಸುಟ್ಟುಕೊಂಡವರಿಗೆ ಗೊತ್ತು. ಒಂದು ಗ್ರಾಂ ಕುದಿಯುವ ನೀರು ಚರ್ಮದ ಮೇಲೆ ಬಿದ್ದು 37 ಡಿಗ್ರಿಗೆ ಇಳಿದರೆ ಸುಮಾರು 256 ಜೂಲ್ ಬಿಡುತ್ತದೆ. ಒಂದು ಗ್ರಾಂ ಹಬೆ ಅಲ್ಲೇ ನೀರಾಗುವಾಗ ಮೊದಲು 2,260 ಬಿಟ್ಟು, ಆಮೇಲೆ ಆ 256 ಬೇರೆ. ಹತ್ತು ಪಟ್ಟು ಹತ್ತಿರ, ಎರಡೂ 98 ಡಿಗ್ರಿಯಲ್ಲೇ ಇದ್ದರೂ.

ಮೊದಲ ವರ್ಷ ನಾನೇ ಒಂದು ಎಡವಟ್ಟು ಮಾಡಿದ್ದೆ. ಹದಿನೈದು ನಿಮಿಷ ಇದೆಯಲ್ಲ ಅಂತ ಮಕ್ಕಳಿಗೆ ಗ್ರಾಫ್ ಬರೆಸುತ್ತಾ ಕೂತೆ, ಥರ್ಮಾಮೀಟರ್ ಪಾತ್ರೆಗೆ ಒರಗಿಕೊಂಡು ತಳ ಮುಟ್ಟಿತ್ತು. ನೀರು ಪೂರ್ತಿ ಹಬೆಯಾಗಿ ಹೋಯಿತು. ಈಗ ಬಿಸಿ ನುಂಗಲು ಪಾತ್ರೆ ಒಂದೇ ಉಳಿದಿದೆ, ಡಿಗ್ರಿಗೆ ಅದಕ್ಕೆ 150 ಜೂಲ್ ಸಾಕು, ಬರುತ್ತಿರುವುದು ಸೆಕೆಂಡಿಗೆ 500. ಅಂದರೆ ಸೆಕೆಂಡಿಗೆ ಮೂರು ಡಿಗ್ರಿಗೂ ಜಾಸ್ತಿ. ಅಷ್ಟು ಹೊತ್ತು 98ರಲ್ಲಿ ಕೂತಿದ್ದ ಗೆರೆ ಕಣ್ಣೆದುರೇ ಓಡತೊಡಗಿತು. 110ಕ್ಕೆ ಕಡ್ಡಿ ಮುಗಿಯುತ್ತದೆ, ಆಲ್ಕೋಹಾಲಿಗೆ ಇನ್ನೂ ಹಿಗ್ಗಬೇಕು, ಜಾಗ ಇಲ್ಲ. ನಾನು ಏಳುವಷ್ಟರಲ್ಲಿ ಟಪ್ ಅಂತ ಸದ್ದಾಗಿ ಬುರುಡೆ ಒಡೆದು, ಕೆಂಪು ನೀರು ಪಾತ್ರೆಯ ತಳದಲ್ಲಿ ಚುಸ್ ಅಂದಿತು.