“75 ಸಾವಿರ ಇಳಿಸ್ರಿ”

ಜುಲೈ ತಿಂಗಳ ಮಳೆ. ನಾಶಿಕ್ ಫಾಟಾ ಫ್ಲೈಓವರ್ ಕೆಳಗೆ ಬೈಕ್ ನಿಲ್ಲಿಸಿ ರೇನ್‌ಕೋಟ್ ಹಾಕಿಕೊಳ್ಳುತ್ತಿದ್ದೆ. ಆಗ ಫೋನ್ ಬಂತು. ಭೋಸರಿ ಎಂಐಡಿಸಿಯಲ್ಲಿ ವರ್ಕ್‌ಶಾಪ್ ಇಟ್ಟಿರುವ ಸಾಹೇಬರು. ಜಮಖಂಡಿ ಕಡೆಯವರು, ಪುಣೆಗೆ ಬಂದು ತುಂಬಾ ವರ್ಷ ಆಗಿದೆ. ಲೋಹ ಕೊರೆಯುವ ಎರಡು ಸಿಎನ್‌ಸಿ, ಮೂರು ವಿಎಂಸಿ ಯಂತ್ರ ಓಡಿಸುತ್ತಾರೆ. ನಾನು ಏರ್ ಕಂಪ್ರೆಸರ್ ಮಾರುವವನು. 20 ಎಚ್‌ಪಿ ಸ್ಕ್ರೂ ಕಂಪ್ರೆಸರ್‌ಗೆ ಅವರಿಗೆ ನಾನು ಕೊಟ್ಟ ಕೊಟೇಶನ್ 5,40,000 ರೂಪಾಯಿ.

“ತಮ್ಮಾ, ರೇಟ್ ಭಾಳ ಆತಲ್ಲ. ಇನ್ನೊಬ್ಬಾಂವ 4,65,000ಕ್ಕ ಕೊಡಾಕತ್ತಾನ. 75 ಸಾವಿರ ಇಳಿಸ್ರಿ, ಇವತ್ತ ಆರ್ಡರ್‌ದ ಪಿಓ ಕಳಸ್ತೀನಿ.”

ಇಂಥ ಮಾತು ಕೇಳಿದ ಕೂಡಲೇ ಮೊದಲೆಲ್ಲ ನನ್ನ ಬಾಯಿಂದ “ಐದು ಪರ್ಸೆಂಟ್ ಬಿಡ್ತೀನಿ ಸರ್” ಅಂತ ಬಂದೇಬಿಡುತ್ತಿತ್ತು. ಒಂದು ಸಲ ಹಾಗೆ ಹೇಳಿದಾಗ ಗಿರಾಕಿ, “ಅಂದ್ರೆ ಇಷ್ಟು ದಿನ ಐದು ಪರ್ಸೆಂಟ್ ಜಾಸ್ತಿ ಹೇಳಿದ್ರಿ ಅಂತಾಯ್ತು” ಅಂದರು. ಆಮೇಲೆ ನಾನು ಹೇಳಿದ ಯಾವ ಅಂಕಿಯನ್ನೂ ಅವರು ನಂಬಲಿಲ್ಲ. ಆ ರಾತ್ರಿ ಕುಳಿತು ಲೆಕ್ಕ ಹಾಕಿದೆ. ನಮಗೆ ಇಂಥ ಯಂತ್ರದಲ್ಲಿ ಉಳಿಯುವುದು ಸುಮಾರು 14 ಪರ್ಸೆಂಟ್. ಅಂದರೆ 5,40,000ರಲ್ಲಿ 75,600. ಐದು ಪರ್ಸೆಂಟ್ ಬಿಟ್ಟರೆ 27,000 ಹೋಗಿ 48,600 ಉಳಿಯುತ್ತದೆ. ಒಂಬತ್ತು ಯಂತ್ರ ಮಾರಿ ಗಳಿಸುತ್ತಿದ್ದ ದುಡ್ಡಿಗೆ ಆಗ ಹದಿನಾಲ್ಕು ಯಂತ್ರ ಮಾರಬೇಕು. ಗಿರಾಕಿಗೆ ಐದು ಪರ್ಸೆಂಟ್ ಚಿಕ್ಕದಾಗಿ ಕಾಣುತ್ತದೆ. ನಮ್ಮ ಲಾಭದಲ್ಲಿ ಅದು ಮೂರರಲ್ಲಿ ಒಂದು ಪಾಲಿಗಿಂತ ಜಾಸ್ತಿ.

ಅದಕ್ಕೇ ಆ ದಿನ ಸುಮ್ಮನಿದ್ದೆ. ಮನಸ್ಸಿನಲ್ಲೇ ಐದರವರೆಗೆ ಎಣಿಸಿದೆ. ಫೋನಿನಲ್ಲಿ ಐದು ಸೆಕೆಂಡ್ ಮೌನ ಅಂದರೆ ತುಂಬಾ ಉದ್ದ. ಲೈನ್ ಕಟ್ ಆಯ್ತೇನೋ ಅನ್ನಿಸುವಷ್ಟು. ಮೌನ ಮುರಿದವರು ಅವರೇ. “ಮಶೀನ್ ಛಲೋ ಐತಿ, ಅದರ ಬಗ್ಗೆ ಮಾತಿಲ್ಲ. ಆದ್ರ ನಮ್ಮ ತಮ್ಮ ಕೇಳ್ತಾನ, 75 ಸಾವಿರ ಯಾಕ ಜಾಸ್ತಿ ಕೊಡಬೇಕು ಅಂತ.”

ಇದು ನನಗೆ ಬೇಕಿದ್ದ ಮಾತು. ಅವರಿಗೆ ಯಂತ್ರ ಬೇಕು, ದುಡ್ಡೂ ಇದೆ. ತಮ್ಮನಿಗೆ ಹೇಳಲು ಒಂದು ಕಾರಣ ಬೇಕು. ಡಿಸ್ಕೌಂಟ್ ಹೇಳಿಬಿಟ್ಟಿದ್ದರೆ ಈ ತಮ್ಮನ ವಿಷಯ ಹೊರಗೆ ಬರುತ್ತಲೇ ಇರಲಿಲ್ಲ.

“ಸಾಹೇಬ್ರ, ತಮ್ಮ ಕೇಳೋದು ಸರಿ ಐತ್ರಿ. ಆ ಕೊಟೇಶನ್ ನಿಮ್ಮ ಕೈಯಾಗ ಐತೇನ್ರಿ? ಒಂದೊಂದ ಸಾಲು ಓದ್ರಿ. ನಾ ನಂದು ತೆಗೀತೀನಿ” ಅಂದೆ.

ಮೊದಲು ಜಿಎಸ್‌ಟಿ ಕೇಳಿದೆ. ಒಬ್ಬರದು ತೆರಿಗೆ ಸೇರಿಸಿ, ಇನ್ನೊಬ್ಬರದು ಬಿಟ್ಟು ಇದ್ದರೆ 18 ಪರ್ಸೆಂಟ್ ವ್ಯತ್ಯಾಸ ಅಲ್ಲೇ ಬರುತ್ತದೆ. ಎರಡೂ ತೆರಿಗೆ ಬಿಟ್ಟೇ ಇದ್ದವು. ಮೋಟಾರ್ ಎರಡರಲ್ಲೂ 15 ಕಿಲೋವ್ಯಾಟ್. 500 ಲೀಟರ್ ಟ್ಯಾಂಕ್ ಇತ್ತು. ಗಾಳಿ ಎಷ್ಟು ಸಿಎಫ್‌ಎಂ, ಎಷ್ಟು ಬಾರ್ ಒತ್ತಡದಲ್ಲಿ ಅಂತ ಕೇಳಿದೆ. ಹೆಚ್ಚು ಕಡಿಮೆ ಒಂದೇ. ಸಾಗಾಣಿಕೆ ಇತ್ತು. ಆಮೇಲೆ ಅವರು ನಿಲ್ಲಿಸಿದರು.

“ಡ್ರೈಯರ್ ಸಾಹೇಬ್ರ?”

ಕಾಗದ ತಿರುವಿದ ಸದ್ದು. “ಇಲ್ಲಿ ಬರದಿಲ್ಲ.”

ನಮ್ಮ ಕೊಟೇಶನ್‌ನಲ್ಲಿ ಗಾಳಿಯ ತೇವ ತೆಗೆಯುವ ಡ್ರೈಯರ್ 52,000, ಎರಡು ಫಿಲ್ಟರ್ 11,000. ಒಟ್ಟು 63,000. ಅಲ್ಲಿಗೆ 75 ಸಾವಿರದ ವ್ಯತ್ಯಾಸ 12 ಸಾವಿರಕ್ಕೆ ಬಂತು. ಇನ್ನೊಬ್ಬರು ಮೋಸ ಮಾಡಿದ್ದಾರೆ ಅಂತ ನಾನು ಹೇಳಲಿಲ್ಲ. ಹಾಗೆ ಹೇಳುವುದು ತಪ್ಪು ಕೂಡ. ಸಾಹೇಬರು ಅವರ ಹತ್ತಿರ ಕೇಳಿದ್ದು ಬರೀ ಕಂಪ್ರೆಸರ್ ಇರಬಹುದು.

ಸಾಹೇಬರು ವ್ಯಾಪಾರಿ. ತಕ್ಷಣ, “ಹಂಗಾದ್ರ ನಿಮ್ಮದ್ರಾಗೂ ಡ್ರೈಯರ್ ತೆಗೀರಿ” ಅಂದರು.

“ತೆಗೀತೀನ್ರಿ. 4,77,000 ಆಗ್ತೈತಿ” ಅಂದೆ. ಇದನ್ನು ಮನಸ್ಸಿನಿಂದಲೇ ಹೇಳಿದೆ. ಏನಾದರೂ ಹೊರಗೆ ಹೋದರೆ ಬೆಲೆ ಇಳಿಯುವುದು ನ್ಯಾಯ. ಏನೂ ಹೋಗದೆ ಇಳಿದರೆ ಮೊದಲ ಬೆಲೆಯೇ ಸುಳ್ಳಾಗುತ್ತದೆ. ಆದರೆ ಡ್ರೈಯರ್ ಯಾಕೆ ಹಾಕಿದ್ದೆ ಅಂತ ಹೇಳುವುದೂ ನನ್ನ ಕೆಲಸ ಅಲ್ವಾ? ಜೂನ್‌ನಲ್ಲಿ ಅವರ ಶಾಪ್‌ಗೆ ಹೋದಾಗ ಡೈರಿಯಲ್ಲಿ ಬರೆದುಕೊಂಡಿದ್ದೆ. ಬ್ಲೋ ಗನ್ ಒತ್ತಿ ಅಂಗೈಗೆ ಹಿಡಿದಾಗ ಕೈ ಒದ್ದೆಯಾಗಿತ್ತು. ಒಂದು ವಿಎಂಸಿಯಲ್ಲಿ ಟೂಲ್ ಬದಲಾಗುವಾಗ ಸಿಲಿಂಡರ್ ತಡವರಿಸುತ್ತಿತ್ತು. ಆಪರೇಟರ್ ಹುಡುಗ ಸೊಲೆನಾಯ್ಡ್ ವಾಲ್ವ್ ಬಿಚ್ಚಿ ತುಕ್ಕು ತೋರಿಸಿದ್ದ.

ಅದನ್ನೇ ನೆನಪಿಸಿ ನೀರಿನ ಲೆಕ್ಕ ಹೇಳಿದೆ. ಮಳೆಗಾಲದ ಗಾಳಿಯಲ್ಲಿ ತೇವ ತುಂಬಿರುತ್ತದೆ. ಇಷ್ಟು ದೊಡ್ಡ ಕಂಪ್ರೆಸರ್ ಪೂರ್ತಿ ಲೋಡ್‌ನಲ್ಲಿ ಓಡಿದರೆ ತಾಸಿಗೆ ಸುಮಾರು 3 ಲೀಟರ್ ನೀರನ್ನು ಗಾಳಿ ಜೊತೆ ಎಳೆದುಕೊಳ್ಳುತ್ತದೆ. ಗಾಳಿ ಒತ್ತಿ ತಣ್ಣಗಾದಾಗ ಸುಮಾರು 2 ಲೀಟರ್ ನೀರು ಟ್ಯಾಂಕ್ ತಲುಪುವಷ್ಟರಲ್ಲೇ ಇಳಿಯುತ್ತದೆ. ಅದನ್ನು ಡ್ರೇನ್ ವಾಲ್ವ್ ತೆಗೆದು ಬಿಡಬಹುದು. ಉಳಿದ ಸುಮಾರು ಒಂದು ಲೀಟರ್ ಆವಿಯಾಗಿಯೇ ಮುಂದೆ ಹೋಗುತ್ತದೆ. ಫಿಲ್ಟರ್‌ಗೆ ಅದು ಸಿಗುವುದಿಲ್ಲ. ಪೈಪಿನಲ್ಲಿ ಇನ್ನಷ್ಟು ತಣ್ಣಗಾದಾಗ ಅಲ್ಲಿ ನೀರಾಗುತ್ತದೆ. ಡ್ರೈಯರ್ ಗಾಳಿಯನ್ನು 3 ಡಿಗ್ರಿ ಹತ್ತಿರ ತಣಿಸಿ ಆ ನೀರನ್ನು ಮೊದಲೇ ತೆಗೆಯುತ್ತದೆ.

“ಬರೀ ಗ್ರೈಂಡರ್, ಪೇಂಟ್ ತೆಗೆಯೋ ಕೆಲಸ ಇದ್ರ ನಾನ ಬ್ಯಾಡ ಅಂತಿದ್ದೆ. ನಿಮ್ಮಲ್ಲಿ ಗಾಳಿ ಟೂಲ್ ತಿರುಗಿಸೋ ಸ್ಪಿಂಡಲ್‌ಗೆ ಹೊಕ್ಕತೈತ್ರಿ” ಅಂದೆ.

ಈಗ ಸುಮ್ಮನಾದವರು ಅವರು. ನಾನೂ ಮಾತಾಡಲಿಲ್ಲ. ಇಲ್ಲಿ ಬಾಯಿ ತೆರೆದು ಇನ್ನೂ ನಾಲ್ಕು ಗುಣ ಹೇಳಹೋದರೆ, ಗಿರಾಕಿ ಯೋಚಿಸುವುದನ್ನು ನಾವೇ ತಡೆದಂತೆ.

“ಆ 12 ಸಾವಿರನಾದ್ರೂ ಬಿಡ್ರಿ” ಅಂದರು ಕೊನೆಗೆ.

ನಿಜ ಹೇಳಬೇಕೆಂದರೆ ಇಲ್ಲಿ ನನಗೆ ಬಾಯಿ ತುದಿಗೆ ಬಂದಿತ್ತು. ತಿಂಗಳ ಟಾರ್ಗೆಟ್ ಇತ್ತು, ಮಳೆ ಬೇರೆ ಜೋರಾಗಿತ್ತು. ತಡೆದುಕೊಂಡೆ. ಸುಮ್ನೆ ಬಿಡುವ ಬದಲು ಅವರು ಏನು ಕೊಡಬಹುದು ಅಂತ ನೋಡಿದೆ. ನಮ್ಮ ಷರತ್ತಿನಲ್ಲಿ 40 ಪರ್ಸೆಂಟ್, ಅಂದರೆ 2,16,000, ಯಂತ್ರ ಬಂದ 30 ದಿನಕ್ಕೆ ಕೊಡುವುದು. ಅದನ್ನು ಡಿಸ್ಪ್ಯಾಚ್‌ಗೆ ಮೊದಲೇ ಕೊಟ್ಟರೆ ನಮಗೆ ಒಂದು ತಿಂಗಳ ಬಡ್ಡಿ ಉಳಿಯುತ್ತದೆ. ವರ್ಷಕ್ಕೆ 12 ಪರ್ಸೆಂಟ್ ಹಿಡಿದರೆ 2,160 ರೂಪಾಯಿ. ಇದನ್ನು ಹಾಗೇ ಹೇಳಿದೆ. “ಪೂರ್ತಿ ಮೊದಲ ಕೊಟ್ರ 2,000 ಕಡಿಮಿ ಮಾಡ್ತೀನ್ರಿ. ಅದಕ್ಕಿಂತ ಜಾಸ್ತಿ ಲೆಕ್ಕದಾಗ ಕೂಡಂಗಿಲ್ಲ.”

ಅವರು ಜೋರಾಗಿ ನಕ್ಕರು. “2,000ಕ್ಕ ನನ್ನ ಎರಡು ಲಕ್ಷ ಯಾಕ ಒಂದ ತಿಂಗಳ ಮೊದಲ ಕೊಡ್ಲಿ? ಡ್ರೈಯರ್ ಇದ್ದದ್ದು, ಇಲ್ಲದ್ದು, ಎರಡೂ ಒಂದ ಹಾಳಿ ಮ್ಯಾಲ ಬರದ ಕಳಸ್ರಿ. ತಮ್ಮಗ ತೋರಸ್ತೀನಿ.”

ಸಂಜೆ ಕಳಿಸಿದೆ. ಎಡಕ್ಕೆ 4,77,000, ಬಲಕ್ಕೆ 5,40,000. ಕೆಳಗೆ ತಾಸಿಗೆ ಎಷ್ಟು ನೀರು ಅನ್ನುವ ಎರಡೇ ಸಾಲು. “ಆಫರ್ ಇವತ್ತೊಂದೇ ದಿನ” ಅಂತೆಲ್ಲ ಬರೆಯಲಿಲ್ಲ. ಎರಡು ದಿನ ಫೋನ್ ಬರಲಿಲ್ಲ. ನಾನೂ ಮಾಡಲಿಲ್ಲ. ಆ ಎರಡು ದಿನ ನನಗೆ ಸರಿಯಾಗಿ ಊಟ ಸೇರಲಿಲ್ಲ.

ಮೂರನೇ ದಿನ ವಾಟ್ಸಾಪ್‌ನಲ್ಲಿ ಪಿಓ ಬಂತು. 5,40,000, ಡ್ರೈಯರ್ ಸಹಿತ, 40 ಪರ್ಸೆಂಟ್ 30 ದಿನಕ್ಕೆ. ಹಿಂದೆಯೇ ತಮ್ಮನ ಫೋನ್. ಅವರೊಡನೆ ನಾನು ಮಾತಾಡಿದ್ದು ಅದೇ ಮೊದಲು. ಬೆಲೆಯ ಮಾತೇ ಎತ್ತಲಿಲ್ಲ. “ಡ್ರೈಯರ್‌ನಿಂದ ಬರೋ ನೀರು ಎಲ್ಲಿ ಬಿಡೋದ್ರಿ? ಶೆಡ್ ಹಿಂದ ಗಟಾರ ಐತಿ, ಪೈಪ್ ಎಷ್ಟು ಬೇಕು ನೋಡಾಕ ಬರ್ತೀರೇನ್ರಿ?”

ಟೇಪ್ ತಗೊಂಡು ಅವತ್ತೇ ಮಧ್ಯಾಹ್ನ ಭೋಸರಿಗೆ ಹೋದೆ.